ಮಳೆಗಾಲದ ಕತ್ತಿಗೆ ಯಾವ ಹಿಡಿ?

ಕತ್ತಿ ಕೊಳ್ಳಲು ಹೋದವರು ಮೊದಲು ಅಲಗು ನೋಡುತ್ತಾರೆ. ಹೆಬ್ಬೆರಳಿನಿಂದ ಅಡ್ಡಕ್ಕೆ ಸವರಿ ಹರಿತ ನೋಡುತ್ತಾರೆ, ಬೆರಳಲ್ಲಿ ತಟ್ಟಿ ಉಕ್ಕಿನ ಸದ್ದು ಕೇಳುತ್ತಾರೆ, ಕೈಯಲ್ಲಿ ತೂಗಿ ದುಡ್ಡು ಕೊಡುತ್ತಾರೆ. ಹಿಡಿಯನ್ನು ತಿರುಗಿಸಿ ನೋಡುವವರು ಕಡಿಮೆ. ಅಂಗಡಿಯಲ್ಲಿ ಎಲ್ಲ ಹಿಡಿಯೂ ಒಣಗಿರುತ್ತದೆ, ನಮ್ಮ ಕೈಯೂ ಒಣಗಿರುತ್ತದೆ. ಒಣ ಕೈಯಲ್ಲಿ ಯಾವ ಹಿಡಿಯೂ ಕೆಟ್ಟದ್ದು ಅನಿಸುವುದಿಲ್ಲ. ಅದರ ನಿಜ ಬಣ್ಣ ಗೊತ್ತಾಗುವುದು ಆಷಾಢದಲ್ಲಿ, ಕಂಬಳಿಕೊಪ್ಪೆ ಹಾಕಿಕೊಂಡು ಸೊಪ್ಪು ಕಡಿಯುವಾಗ.

ನಮ್ಮದು ಅಡಿಕೆ ತೋಟ. ವರ್ಷಕ್ಕೆ ನಾಲ್ಕು ತಿಂಗಳು ಕೈ ಒದ್ದೆಯಾಗಿಯೇ ಇರುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಮನೆಯ ಕತ್ತಿಗಳಿಗೆ ಮರ, ರಬ್ಬರು, ಹೈಲಂ ಹೀಗೆ ಮೂರು ಬಗೆಯ ಹಿಡಿ ಹಾಕಿಸಿ ಬಳಸಿದ್ದೇನೆ. ಅದರಲ್ಲಿ ಕಂಡದ್ದನ್ನೂ ಆಚಾರಿಗಳ ಹತ್ತಿರ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾರುವುದು ಎಂದರೇನು ಎಂದು ನೋಡೋಣ. ಕತ್ತಿ ಬೀಸುವಾಗ ಅದು ಕೈಬಿಟ್ಟು ಮುಂದಕ್ಕೆ ಹಾರಲು ನೋಡುತ್ತದೆ. ಅದಕ್ಕೇ ಹಳೆಯ ಸೊಪ್ಪಿನ ಕತ್ತಿಗಳ ಹಿಡಿಯ ತುದಿ ಸ್ವಲ್ಪ ದಪ್ಪಗೆ, ಕೆಳಮುಖವಾಗಿ ಬಾಗಿರುತ್ತದೆ. ಕಿರುಬೆರಳು ಆ ಗಂಟಿಗೆ ತಗುಲಿ ನಿಲ್ಲುತ್ತದೆ. ಮೀನು ಸೀಳುವ ಚಾಕುವಿನಲ್ಲಿ ನಡೆಯುವುದು ಇದರ ಉಲ್ಟಾ. ಅಲ್ಲಿ ಚಾಕುವನ್ನು ಒಳಕ್ಕೆ ಚುಚ್ಚುತ್ತೇವೆ, ಮುಳ್ಳಿಗೆ ಬಡಿದು ಚಾಕು ನಿಂತರೆ ಕೈ ಮಾತ್ರ ಮುಂದೆ ಹೋಗುತ್ತದೆ, ಬೆರಳು ಸೀದಾ ಅಲಗಿನ ಮೇಲೆ. ಹಾಗಾಗಿ ಚಾಕುವಿಗೆ ಹಿಂದಿನ ಗಂಟಿಗಿಂತ ಮುಂದಿನ ಮೆಟ್ಟಿಲು, ಅಂದರೆ ತೋರುಬೆರಳು ತಡೆದು ನಿಲ್ಲುವ ಏರು, ಮುಖ್ಯ. ಈ ಆಕಾರವೇ ಇಲ್ಲದ ಹಿಡಿಗೆ ಯಾವ ವಸ್ತು ಹಾಕಿದರೂ ಅರ್ಧ ಕೆಲಸ ಮಾತ್ರ ಆದಂತೆ. ಹಿಡಿ ಗುಂಡಗಿರದೆ ಮೊಟ್ಟೆಯಾಕಾರದಲ್ಲಿ ಚಪ್ಪಟೆಯಾಗಿದ್ದರೆ ಇನ್ನೊಂದು ಅನುಕೂಲ ಉಂಟು: ಅಲಗಿನ ಬಾಯಿ ಯಾವ ಕಡೆಗಿದೆ ಎಂದು ನೋಡದೆಯೇ ಅಂಗೈಗೆ ಗೊತ್ತಾಗುತ್ತದೆ. ಮಳೆನೀರು ಕಣ್ಣಿಗೆ ಇಳಿಯುವಾಗ ಇದು ಸಣ್ಣ ಮಾತಲ್ಲ.

ಇನ್ನು ವಸ್ತುವಿನ ವಿಷಯ. ಒದ್ದೆಯಾದಾಗ ಚರ್ಮಕ್ಕೂ ಹಿಡಿಗೂ ನಡುವೆ ತೆಳ್ಳಗಿನ ನೀರಿನ ಪದರ ನಿಲ್ಲುತ್ತದೆ. ಹಿಡಿ ನಮ್ಮ ಕೈಯಲ್ಲಿ ನಿಲ್ಲಬೇಕಾದರೆ ಆ ನೀರಿಗೆ ಹೋಗಲು ಒಂದು ದಾರಿ ಬೇಕು. ಮರ ಅದನ್ನು ಹೀರಿಕೊಳ್ಳುತ್ತದೆ. ರಬ್ಬರು ಒತ್ತಿದಲ್ಲಿ ತಗ್ಗಿ, ನೀರನ್ನು ಪಕ್ಕಕ್ಕೆ ತಳ್ಳಿ ಚರ್ಮಕ್ಕೆ ಅಂಟುತ್ತದೆ. ಬಟ್ಟೆಯಿಂದ ಮಾಡಿದ ಹೈಲಂನಲ್ಲಿ ನೂಲಿನ ಎಳೆಗಳ ನಡುವಿನ ಸಣ್ಣ ಸಣ್ಣ ತಗ್ಗುಗಳಿಗೆ ನೀರು ಇಳಿಯುತ್ತದೆ. ಹೊಳೆಯುವ ವಾರ್ನಿಷ್ ಹೊಡೆದ ಹಿಡಿಯಲ್ಲಿ ಈ ಯಾವ ದಾರಿಯೂ ಇಲ್ಲ. ಅಂಗಡಿಯಲ್ಲಿ ಎಲ್ಲಕ್ಕಿಂತ ಚಂದ ಕಾಣುವ ಹಿಡಿ ಮಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾರುವುದು ಇದೇ ಕಾರಣಕ್ಕೆ. ಅಂಥದ್ದು ಮನೆಯಲ್ಲಿದ್ದರೆ ಹೊಸದು ಹಾಕಿಸುವ ಮೊದಲು 120 ನಂಬರಿನ ಮರಳು ಕಾಗದ ತಂದು ವಾರ್ನಿಷ್ ತೆಗೆದು ನೋಡಿ. ಅರ್ಧ ಗಂಟೆಯ ಕೆಲಸ, ಕತ್ತಿಯೇ ಬೇರೆ ಅನಿಸುತ್ತದೆ.

ಮರದ ಹಿಡಿಯ ದೊಡ್ಡ ತೊಂದರೆ ಜಾರುವುದಲ್ಲ, ಸಡಿಲವಾಗುವುದು. ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈ ಉಬ್ಬು ಕುಗ್ಗು ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ಎಳೆಯ ಉದ್ದಕ್ಕೆ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ, ಅಡ್ಡಕ್ಕೆ ಜಾಸ್ತಿ. ಹಸಿ ತೇಗ ಪೂರ್ತಿ ಒಣಗುವಾಗ ವರ್ಷದ ಉಂಗುರದ ಗುಂಟ ಸುಮಾರು ನೂರಕ್ಕೆ 6ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5ರಷ್ಟು ಕುಗ್ಗುತ್ತದೆ. ತೇಗ ಕಡಿಮೆ ಕುಗ್ಗುವ ಮರಗಳಲ್ಲಿ ಒಂದು, ಅದರದ್ದೇ ಲೆಕ್ಕ ಇದು. ಸರಿಯಾಗಿ ಒಣಗದ ಮರದಲ್ಲಿ ಹಿಡಿ ಮಾಡಿದರೆ ಬೇಸಗೆಯಲ್ಲಿ ಅದು ಅಲುಗಾಡದೆ ಇರುವುದಾದರೂ ಹೇಗೆ?

ಹಿಡಿ ಸಡಿಲವಾದರೆ ನಮ್ಮ ಕಡೆ ಮಾಡುವ ಉಪಾಯ ನಿಮಗೂ ಗೊತ್ತಿರಬಹುದು. ರಾತ್ರಿ ಕತ್ತಿಯನ್ನು ಬಕೆಟ್ ನೀರಿನಲ್ಲಿ ತಲೆಕೆಳಗಾಗಿ ಇಟ್ಟುಬಿಡುವುದು. ಬೆಳಿಗ್ಗೆ ನೋಡಿದರೆ ಹಿಡಿ ಬಿಗಿ. ಆದರೆ ಆ ಬಿಗಿತ ಎರಡು ದಿನದ್ದು. ನೀರು ಕುಡಿದ ಮರ ಉಬ್ಬಲು ನೋಡುತ್ತದೆ. ಒಳಗೆ ಕಬ್ಬಿಣದ ಬಾಲ, ಹೊರಗೆ ಕಬ್ಬಿಣದ ಬಳೆ, ಉಬ್ಬಲು ಜಾಗವಿಲ್ಲ. ಆಗ ಮರದ ಎಳೆಗಳು ತಮ್ಮನ್ನು ತಾವೇ ಜಜ್ಜಿಕೊಳ್ಳುತ್ತವೆ. ಹಾಗೆ ಜಜ್ಜಿಹೋದ ಎಳೆ ಒಣಗಿದ ಮೇಲೆ ಹಳೆಯ ಅಳತೆಗೆ ಬರುವುದಿಲ್ಲ, ಅದಕ್ಕಿಂತ ಸಣ್ಣದಾಗುತ್ತದೆ. ಹಾಗಾಗಿ ಪ್ರತಿ ಸಲ ನೆನೆಸಿದಾಗಲೂ ಮುಂದಿನ ಬೇಸಗೆಗೆ ಹಿಡಿ ಇನ್ನಷ್ಟು ಸಡಿಲ. ಜೊತೆಗೆ ಒಳಗಿನ ಬಾಲಕ್ಕೆ ತುಕ್ಕು. ಕೊಡಲಿ, ಹಾರೆ, ಸುತ್ತಿಗೆಯ ಕಾವಿಗೂ ಇದೇ ಮಾತು ಅನ್ವಯಿಸುತ್ತದೆ.

ಸಡಿಲವಾಗಿದೆಯೇ ಎಂದು ತಿಳಿಯಲು ಅಲುಗಾಡುವ ತನಕ ಕಾಯಬೇಕಾಗಿಲ್ಲ. ಬಳೆಗೂ ಮರಕ್ಕೂ ನಡುವೆ ಉಗುರು ತೂರುವಷ್ಟು ಸಂದು ಕಂಡರೆ ಒಂದು ಗುರುತು. ಕತ್ತಿಯನ್ನು ಒದ್ದೆ ಕೆಲಸದ ನಂತರ ನಿಲ್ಲಿಸಿಟ್ಟಾಗ ಬಳೆಯ ಹತ್ತಿರ ಕಪ್ಪು ನೀರು ಒಸರಿದರೆ ಇನ್ನೊಂದು. ಮರದ ಒಗರಿಗೆ ಕಬ್ಬಿಣದ ತುಕ್ಕು ಸೇರಿದರೆ ಆ ಕಪ್ಪು ಹುಟ್ಟುತ್ತದೆ, ಜಾಲಿಯಂಥ ಒಗರು ಮರಗಳಲ್ಲಿ ಬೇಗ ಕಾಣುತ್ತದೆ. ಬೆರಳ ಗಂಟಿನಿಂದ ಅಲಗನ್ನು ತಟ್ಟಿದಾಗ ಹಿಡಿಯ ಕಡೆಯಿಂದ ಟಿಣ್ ಅನ್ನುವ ಬದಲು ಗಲಗಲ ಬಂದರೆ ಅವತ್ತು ಆ ಕತ್ತಿ ಬೀಸಬೇಡಿ.

ಸರಿಮಾಡಲು ಹಿಡಿ ಬಿಚ್ಚಲೇಬೇಕು. ನಮ್ಮ ಊರಿನ ಆಚಾರಿಗಳು ಹಳೆಯ ಕ್ರಮದಲ್ಲಿ ಬಾಲವನ್ನು ಕೆಂಪಗೆ ಕಾಯಿಸಿ ಮರದೊಳಗೆ ಸುಟ್ಟು ಇಳಿಸುತ್ತಾರೆ, ಅರಗು ಹಾಕಿ ಕೂರಿಸುತ್ತಾರೆ. ಈಗ ಅರಗಿನ ಬದಲು ಎರಡು ಟ್ಯೂಬಿನ ಅರಾಲ್ಡೈಟ್ ಅಂಟು ಹಾಕುವವರೇ ಹೆಚ್ಚು. "ಅಂಟು ಹಾಕಿದ್ರೂ ಬಿಟ್ಟು ಬಂತಲ್ಲ ಆಚಾರ್ರೇ" ಎಂದು ಒಮ್ಮೆ ಕೇಳಿದೆ. ಅವರು ತೂತಿನೊಳಗೆ ಮೊಳೆ ಹಾಕಿ ಕೆರೆದು ಕರಿ ಪುಡಿ ತೆಗೆದು ತೋರಿಸಿದರು. "ಅಂಟು ಹಿಡಿದದ್ದು ಈ ಮಸಿಯನ್ನು ಮಾರಾಯ, ಮರವನ್ನಲ್ಲ. ಮಸಿ ಮರಕ್ಕೆ ಹಿಡಿದಿರ್ಬೇಕಲ್ಲ?" ಸುಟ್ಟು ಇಳಿಸಿದ ಮೇಲೆ ತೂತನ್ನು ಕೆರೆದು ಹಸಿಮರ ಕಾಣುವ ತನಕ ಮಸಿ ತೆಗೆಯಬೇಕು, ಬಾಲದ ತುಕ್ಕನ್ನೂ ಅರದಿಂದ ಉಜ್ಜಬೇಕು, ಆಮೇಲೆ ಅಂಟು. ಒಂದು ದಿನ ಪೂರ್ತಿ ಮುಟ್ಟದೆ ಬಿಡಬೇಕು. ಹೀಗೆ ಕೂರಿಸಿದ ಹಲಸಿನ ಹಿಡಿಯೊಂದು ನಮ್ಮಲ್ಲಿ ಈಗ ನಾಲ್ಕನೇ ಮಳೆಗಾಲ ನೋಡುತ್ತಿದೆ.

ಮರಕ್ಕೆ ಎಣ್ಣೆ ಹಾಕುವುದರಲ್ಲೂ ಒಂದು ಮಾತಿದೆ. ತೆಂಗಿನೆಣ್ಣೆ ಎಷ್ಟು ದಿನ ಬಿಟ್ಟರೂ ಒಣಗಿ ಗಟ್ಟಿಯಾಗುವುದಿಲ್ಲ, ಹೊಂಗೆ ಎಣ್ಣೆಯೂ ಅಷ್ಟೇ. ಹೊಸದರಲ್ಲಿ ಮಿರುಗುತ್ತದೆ, ಮಳೆಗೆ ಜಾರುತ್ತದೆ. ಬೇಕಾದ್ದು ಅಗಸೆ ಎಣ್ಣೆ. ಪೇಂಟಿನ ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಎಂದು ಕೇಳಿದರೆ ಸಿಗುತ್ತದೆ, ಡಬಲ್ ಬಾಯ್ಲ್ಡ್ ಅನ್ನುವುದು ಬೇಗ ಒಣಗುತ್ತದೆ. ಅದು ಗಾಳಿ ತಾಗಿ ಮರದ ಒಳಗೇ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆದು ಎರಡು ಮೂರು ದಿನ ಒಣಗಿಸುವುದು. ಹೀಗೆ ಮೂರು ಸಲ. ಒರೆಸದೆ ಬಿಟ್ಟರೆ ಮೇಲೆ ಅಂಟಂಟು ಪೊರೆ ಕಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯಾದ ಬಟ್ಟೆ ಬೆಂಕಿ ತಾಗಿಸದೆಯೇ ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಕಲ್ಲಿನ ಮೇಲೆ ಬಿಡಿಸಿ ಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಿಡಿಗೆ ಹಚ್ಚಲು ಕೆಲವರು ಹೇಳುತ್ತಾರೆ. ಮರಕ್ಕೆ ಅದು ಒಳ್ಳೆಯದೇ ಇರಬಹುದು, ಅಂಗೈಗೆ ಬೊಬ್ಬೆ ಏಳುತ್ತದೆ, ಬೇಡ.

ರಬ್ಬರಿಗೆ ಬರೋಣ. ನಮ್ಮೂರಲ್ಲಿ ರಬ್ಬರು ಹಿಡಿ ಎಂದರೆ ಬಹಳ ಮಂದಿಗೆ ಮರದ ಹಿಡಿಗೆ ಸುತ್ತಿದ ಹಳೆಯ ಸೈಕಲ್ ಟ್ಯೂಬು. ಸುತ್ತಿದ ದಿನ ಅದರಷ್ಟು ಗಟ್ಟಿ ಹಿಡಿತ ಕೊಡುವುದು ಬೇರೆ ಇಲ್ಲ. ಬರೀ ನೀರಿಗಾದರೆ ನಾನು ನೋಡಿದ ಮೂರರಲ್ಲಿ ರಬ್ಬರೇ ಮೇಲು. ಆದರೆ ಟ್ಯೂಬಿನ ಸುತ್ತುಗಳ ಸಂದಿನಲ್ಲಿ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಆಗಸ್ಟ್ ಮುಗಿಯುವಾಗ ಬಿಚ್ಚಿ ನೋಡಿ, ಒಳಗಿನ ಮರ ಮೆತ್ತಗಾಗಿ ಹುಳಿ ವಾಸನೆ ಬರುತ್ತದೆ. ಟ್ಯೂಬು ಸುತ್ತುವುದೇ ಆದರೆ ಮಳೆ ಬಿಟ್ಟ ದಿನ ಬಿಚ್ಚಿ ಒಣಗಿಸಿ ಮತ್ತೆ ಸುತ್ತುವಷ್ಟು ತಾಳ್ಮೆ ಇರಬೇಕು.

ಪೇಟೆಯಲ್ಲಿ ಸಿಗುವ, ಅಚ್ಚಿನಲ್ಲಿ ಎರಕ ಹೊಯ್ದ ರಬ್ಬರಿನಂಥ ಹಿಡಿಗಳಲ್ಲಿ ಈ ಕೊಳೆಯುವ ತೊಂದರೆ ಇಲ್ಲ. ಅವು ಎಲ್ಲವೂ ಮರದ ಹಾಲಿನ ರಬ್ಬರಲ್ಲ, ಹೆಚ್ಚಿನವು ರಬ್ಬರಿನ ಗುಣದ ಮೆತ್ತನೆಯ ಪ್ಲಾಸ್ಟಿಕ್. ಅವುಗಳ ಶತ್ರುಗಳು ಎರಡು, ಬಿಸಿಲು ಮತ್ತು ಎಣ್ಣೆ. ಬಿಸಿಲಲ್ಲಿ ಬಿದ್ದ ರಬ್ಬರು ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಎಣ್ಣೆ, ಮೀನಿನ ಜಿಡ್ಡು, ಪೆಟ್ರೋಲು ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಕೆಲವು ಮೆತ್ತನೆಯ ಹಿಡಿಗಳು ಏನೂ ಮಾಡದೆ ಬರೀ ಪೆಟ್ಟಿಗೆಯಲ್ಲಿಟ್ಟರೂ ಕೆಲವು ವರ್ಷಕ್ಕೆ ಬೆಲ್ಲದ ಹಾಗೆ ಅಂಟಂಟಾಗುತ್ತವೆ. ಹಳೆಯ ಟಾರ್ಚು, ಸ್ಕ್ರೂಡ್ರೈವರ್ ಹಿಡಿಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಆಮೇಲೆ ಅದನ್ನು ಮರದ ಹಾಗೆ ಉಜ್ಜಿ ಹೊಸದು ಮಾಡಲು ಆಗುವುದಿಲ್ಲ. ಹಿಡಿ ಹೋದರೆ ಕತ್ತಿಯೇ ಹೋದ ಹಾಗೆ, ಏಕೆಂದರೆ ಎರಕದ ಹಿಡಿಯನ್ನು ಬಿಚ್ಚಿ ಬದಲಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ವಿಷಯ ದಿನವಿಡೀ ಕತ್ತಿ ಹಿಡಿದವರಿಗೆ ಮಾತ್ರ ಗೊತ್ತು. ರಬ್ಬರು ಚರ್ಮವನ್ನು ಬಿಡುವುದೇ ಇಲ್ಲ. ಕತ್ತಿ ಬೀಸುವಾಗ ಹಿಡಿ ಅಂಗೈಯಲ್ಲಿ ಒಂದು ಕೂದಲೆಳೆಯಷ್ಟು ಹೊರಳುತ್ತಲೇ ಇರುತ್ತದೆ. ಮರವಾದರೆ ಚರ್ಮದ ಮೇಲೆ ನಯವಾಗಿ ಸರಿಯುತ್ತದೆ. ರಬ್ಬರು ಸರಿಯದೆ ಚರ್ಮವನ್ನೇ ಎಳೆಯುತ್ತದೆ, ಒಳಗಿನ ಮಾಂಸದ ಮೇಲೆ ಮೇಲಿನ ಚರ್ಮ ಹೊರಳುತ್ತದೆ. ಒದ್ದೆಯಾಗಿ ಮೆತ್ತಗಾದ ಚರ್ಮವಾದರೆ ಕೇಳುವುದೇ ಬೇಡ, ಮಧ್ಯಾಹ್ನಕ್ಕೆ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ. ಹತ್ತು ನಿಮಿಷದ ಕೆಲಸಕ್ಕೆ ರಬ್ಬರು ಸುಖ, ಐದು ಗಂಟೆಯ ಕೆಲಸಕ್ಕೆ ಅಲ್ಲ. ರಬ್ಬರು ಮರದ ಹಾಲು ತೆಗೆಯುವವರ ಟ್ಯಾಪಿಂಗ್ ಕತ್ತಿಗೆ ಸಾಮಾನ್ಯವಾಗಿ ಇರುವುದು ಮರದ ಹಿಡಿಯೇ ಎಂಬುದನ್ನು ನೋಡಿ ನನಗೆ ಪ್ರತಿ ಸಲ ನಗು ಬರುತ್ತದೆ.

ಮೂರನೆಯದು ಮೈಕಾರ್ಟಾ. ಹೆಸರು ಹೊಸದು, ವಸ್ತು ನಿಮ್ಮ ಮನೆಯಲ್ಲೇ ಇರಬಹುದು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ 1910ರ ಸುಮಾರಿಗೆ ವಿದ್ಯುತ್ ಯಂತ್ರಗಳಿಗೆ ಕರೆಂಟು ಹರಿಯದ ಹಲಗೆ ಬೇಕೆಂದು ಮಾಡಿದ್ದು ಇದು. ಕಾಗದವನ್ನೋ ಬಟ್ಟೆಯನ್ನೋ ಪದರ ಪದರವಾಗಿ ಬೇಕಲೈಟ್ ಜಾತಿಯ ರಾಳದಲ್ಲಿ ಅದ್ದಿ, ಬಿಸಿಯಲ್ಲಿ ಭಾರೀ ಒತ್ತಡ ಹಾಕಿ ಒಂದೇ ಹಲಗೆ ಮಾಡುತ್ತಾರೆ. ನಮ್ಮಲ್ಲಿ ಹಳೆಯ ಸ್ವಿಚ್ ಬೋರ್ಡಿನ ಮೇಲೆ ಕೂರಿಸುತ್ತಿದ್ದ ಹೈಲಂ ಶೀಟು ಇದೇ ಜಾತಿ. ಮೈಕಾರ್ಟಾ ಒಂದು ಕಂಪನಿಯಿಟ್ಟ ಹೆಸರು, ಹೈಲಂ ಇನ್ನೊಂದು ಕಂಪನಿಯಿಟ್ಟ ಹೆಸರು, ಎರಡೂ ಈಗ ಆ ಬಗೆಯ ಹಲಗೆಗೆಲ್ಲ ಹೇಳುವ ಮಾತಾಗಿವೆ. ಆದರೆ ಸ್ವಿಚ್ ಬೋರ್ಡಿನದ್ದು ಕಾಗದದ್ದು, ತೆಳ್ಳಗೆ ನುಣುಪಾಗಿರುತ್ತದೆ, ಹಿಡಿಗೆ ಅಷ್ಟು ಒಳ್ಳೆಯದಲ್ಲ. ಹಿಡಿಗೆ ಬೇಕಾದ್ದು ಬಟ್ಟೆಯ ಹೈಲಂ. ಪೇಟೆಯಲ್ಲಿ ಮೋಟಾರು ರಿವೈಂಡಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿ, ಕತ್ತರಿಸಿ ಉಳಿದ ತುಂಡು ಸಿಕ್ಕರೂ ಸಾಕು. ಅಂಚು ನೋಡಿದರೆ ನೂಲಿನ ಹೆಣಿಗೆ ಕಾಣುತ್ತದೆ.

ನಮ್ಮ ಭಾವನಿಗೆ ತೋಟದ ಕೆಲಸಕ್ಕೆ ಒಂದು ಸಣ್ಣ ಕತ್ತಿಗೆ ಇದನ್ನು ಹಾಕಿದೆವು. ಅದರ ವಿವರ ಹೇಳುತ್ತೇನೆ. ಊರಿನ ಕತ್ತಿಯ ಚೂಪು ಬಾಲಕ್ಕೆ ಹಲಗೆ ಕೂರುವುದಿಲ್ಲ. ಹಿಡಿಯಷ್ಟೇ ಅಗಲದ ಚಪ್ಪಟೆ ಬಾಲ ಬೇಕು ಎಂದು ಆಚಾರಿಗಳಿಗೆ ಮೊದಲೇ ಹೇಳಿ ಮಾಡಿಸಿದೆವು. ಬಾಲದಲ್ಲಿ 5 ಮಿಲಿಮೀಟರಿನ ಮೂರು ತೂತು. ಬಟ್ಟೆಯ ಹೈಲಂ 9 ಮಿಲಿಮೀಟರ್ ದಪ್ಪದ್ದು, ಎರಡೂ ಬದಿಗೆ ಒಂದೊಂದು ತುಂಡು, ಉದ್ದ 12 ಸೆಂಟಿಮೀಟರ್. ಕಬ್ಬಿಣ ಕೊಯ್ಯುವ ಗರಗಸದಲ್ಲೇ ಕೊಯ್ಯಬೇಕು. ಒಳಮೈಯನ್ನು ಒರಟು ಕಾಗದದಲ್ಲಿ ಉಜ್ಜಿ ಹೊಳಪು ತೆಗೆದ ಮೇಲೆಯೇ ಅಂಟು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಹಿತ್ತಾಳೆ ಸರಳಿನ ರಿವೆಟ್ ಹಾಕಿ ಮೆಲ್ಲಗೆ ಬಡಿದು ಕೂರಿಸಿದ್ದಾಯಿತು. ಉಜ್ಜುವಾಗ ಬರುವ ಧೂಳು ಎದೆಗೆ ಒಳ್ಳೆಯದಲ್ಲ, ಮೂಗಿಗೆ ಮಾಸ್ಕ್ ಹಾಕಿ, ಕಾಗದವನ್ನು ನೀರಿನಲ್ಲಿ ಅದ್ದಿಕೊಂಡು ಉಜ್ಜಬೇಕು.

ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿನ ಗುಟ್ಟು. 220 ನಂಬರಿನ ಕಾಗದಕ್ಕೆ ನಿಲ್ಲಿಸಿದರೆ ನೂಲಿನ ಎಳೆ ಮೇಲೆ ಉಳಿದು, ಮುಟ್ಟಿದರೆ ಒಣ ಗೋಣಿಯ ಹಾಗೆ ಅನಿಸುತ್ತದೆ. ಒದ್ದೆಯಾದರೆ ಹಿಡಿತ ಕಡಿಮೆಯಾಗುವುದರ ಬದಲು ಕಚ್ಚಿದಂತೆ ಆಗುತ್ತದೆ. ಭಾವನಿಗೆ ಅದು ಮಂಕಾಗಿ ಕಂಡಿತು, "ಇನ್ನೂ ಸ್ವಲ್ಪ ಪಾಲಿಶ್ ಮಾಡುವ" ಎಂದರು. 1000 ನಂಬರಿನ ಕಾಗದದಲ್ಲಿ ಉಜ್ಜಿ ಬಟ್ಟೆಯಲ್ಲಿ ಮೆರುಗು ಕೊಟ್ಟರೆ ಹೈಲಂ ಕರಿಕಲ್ಲಿನ ಹಾಗೆ ಹೊಳೆಯುವುದು ನಿಜ. ಆಗ ಅದು ವಾರ್ನಿಷ್ ಹೊಡೆದ ಮರಕ್ಕಿಂತ ಏನೂ ಮೇಲಲ್ಲ. ಒಂದು ತುಂಡನ್ನು ಹಾಗೆ ಮಾಡಿ ಒದ್ದೆ ಕೈಗೆ ಕೊಟ್ಟ ಮೇಲೆ ಅವರೇ ಮಂಕಾದದ್ದು ಸಾಕು ಎಂದು ಒಪ್ಪಿದರು.

ಹಿಡಿಗಳನ್ನು ಹೋಲಿಸಲು ನಾವು ಮಾಡಿದ ಪರೀಕ್ಷೆ ನೀವೂ ಮಾಡಬಹುದು. ಅಲಗನ್ನು ಗೋಣಿಯಲ್ಲಿ ದಪ್ಪಗೆ ಸುತ್ತಿ ಹಗ್ಗ ಕಟ್ಟಿ. ಒಬ್ಬರು ಹಿಡಿ ಹಿಡಿಯಬೇಕು, ಇನ್ನೊಬ್ಬರು ಹಗ್ಗ ಮೆಲ್ಲಗೆ ಎಳೆಯಬೇಕು. ಮೊದಲು ಒಣ ಕೈ, ಆಮೇಲೆ ಒದ್ದೆ ಕೈ, ಕೊನೆಗೆ ಅಂಗೈಗೆ ಒಂದು ಹನಿ ತೆಂಗಿನೆಣ್ಣೆ. ಒಣ ಕೈಯಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ. ಒದ್ದೆ ಕೈಯಲ್ಲಿ ರಬ್ಬರು ಮುಂದೆ, ಒರಟು ಹೈಲಂ ಅದರ ಬೆನ್ನಿಗೇ, ಅಗಸೆ ಎಣ್ಣೆಯ ಮರ ಸ್ವಲ್ಪ ಹಿಂದೆ, ವಾರ್ನಿಷ್ ಮರ ಬಹಳ ಹಿಂದೆ. ಎಣ್ಣೆ ಬಿದ್ದಾಗ ಸಾಲು ತಿರುಗಿತು. ನುಣುಪು ರಬ್ಬರು ಮೀನಿನ ಹಾಗೆ ಜಾರಿಹೋಯಿತು, ಹೈಲಂ ನಿಂತಿತು. ಮೇಲೆ ಗೆರೆ, ಗುಳ್ಳೆ ಇರುವ ರಬ್ಬರಾದರೆ ಇಷ್ಟು ಕೆಡುವುದಿಲ್ಲ.

ಹೈಲಂನ ಇನ್ನೊಂದು ಗುಣ ಮಳೆಗಾಲ ಮುಗಿದ ಮೇಲೆ ಕಾಣುತ್ತದೆ. ಅದು ನೀರಿಗೆ ಬಹುತೇಕ ಉಬ್ಬುವುದಿಲ್ಲ. ಉಬ್ಬು ಕುಗ್ಗು ಇಲ್ಲದ್ದರಿಂದ ಬಾಲಕ್ಕೂ ಹಲಗೆಗೂ ನಡುವಿನ ಅಂಟಿನ ಗೆರೆ ಬಿಡುವುದಿಲ್ಲ, ಅಂಟು ಬಿಡದಿದ್ದರೆ ಒಳಗೆ ನೀರು ಹೋಗುವುದಿಲ್ಲ, ತುಕ್ಕೂ ಇಲ್ಲ. ಭಾವನ ಕತ್ತಿ ಎರಡು ಮಳೆಗಾಲ ಕಳೆದ ಮೇಲೆ ಬಣ್ಣ ಕಪ್ಪಾಗಿದೆ, ಅಷ್ಟೇ. ಕೈಯ ಜಿಡ್ಡು ಎಳೆಗಳಲ್ಲಿ ತುಂಬಿ ಹಿಡಿತ ಕಡಿಮೆಯಾದರೆ ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಮತ್ತೆ ಮೊದಲಿನ ಹಾಗೆ.

ಹಾಗೆಂದು ಎಲ್ಲ ಕತ್ತಿಗೂ ಅದನ್ನೇ ಹಾಕಿ ಎನ್ನುವವನಲ್ಲ ನಾನು. ಅದು ಮರದ ಎರಡು ಪಾಲು ತೂಕ. ಮೇಲೆ ಹೇಳಿದ ಅಳತೆಯ ಹಿಡಿ ತೇಗದಲ್ಲಿ ಸುಮಾರು 35 ಗ್ರಾಂ ಆದರೆ ಹೈಲಂನಲ್ಲಿ ಸುಮಾರು 70 ಗ್ರಾಂ. ಸಣ್ಣ ಕತ್ತಿಗೆ ಇದು ಲೆಕ್ಕವಲ್ಲ, ಆದರೆ ಮುಂದಿನ ತೂಕದ ಮೇಲೆ ಕಡಿಯುವ ಉದ್ದ ಕತ್ತಿಯಲ್ಲಿ ಭಾರ ಕೈಯ ಕಡೆಗೆ ಸರಿದು ಏಟು ಸಪ್ಪೆಯಾಗುತ್ತದೆ. ಗಟ್ಟಿ ಕಟ್ಟಿಗೆಗೆ ಬಡಿದ ಅದಿರು ಸೀದಾ ಮಣಿಕಟ್ಟಿಗೆ ಬರುತ್ತದೆ, ಮರದ ಹಿಡಿ ಅದನ್ನು ಸ್ವಲ್ಪ ನುಂಗುತ್ತದೆ. ಹೊಸದರಲ್ಲಿ ಮೆತ್ತಗಿನ ಕೈಯವರಿಗೆ ಒರಟು ಹೈಲಂ ಉಜ್ಜಿದಂತೆಯೂ ಆಗುತ್ತದೆ. ಕಟ್ಟಿಗೆ ಒಡೆಯುವ, ಸೊಪ್ಪು ಕಡಿಯುವ ದೊಡ್ಡ ಕತ್ತಿಗೆ ನಮ್ಮ ಮನೆಯಲ್ಲಿ ಈಗಲೂ ಮರವೇ, ಚೆನ್ನಾಗಿ ಒಣಗಿದ್ದು, ವಾರ್ನಿಷ್ ಇಲ್ಲದ್ದು.

ಮೀನಿನ ಕೆಲಸಕ್ಕೆ ಬಂದರೆ ಮಾತು ಬೇರೆ. ಮನೆಯಲ್ಲಿ ನಮ್ಮಮ್ಮ ಮೆಟ್ಟುಕತ್ತಿಯಲ್ಲೇ ಮೀನು ಕೊಯ್ಯುವುದು, ಅಲ್ಲಿ ಕತ್ತಿ ಹಿಡಿಯುವುದು ಕಾಲು, ಕೈಯಲ್ಲಿರುವುದು ಮೀನು, ಹಿಡಿಯ ಪ್ರಶ್ನೆಯೇ ಇಲ್ಲ. ಆದರೆ ವಾರದ ಸಂತೆಯಲ್ಲಿ ಮೀನು ಮಾರುವ ಅಕ್ಕ ಒಬ್ಬರು ಚಾಕು ಬಳಸುತ್ತಾರೆ. ಮರದ ಹಿಡಿ, ಅದರ ಸಂದಿನಲ್ಲಿ ರಕ್ತ, ಲೋಳೆ ಸೇರಿ ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಬಿರುಕು ಬಿಟ್ಟ ಮರದೊಳಗೆ ಸೇರಿದ್ದನ್ನು ತೊಳೆದು ತೆಗೆಯಲು ಆಗುವುದಿಲ್ಲ. ಅವರ ಚಾಕುವಿಗೆ ಉಳಿದಿದ್ದ ಹೈಲಂ ತುಂಡುಗಳನ್ನು ಹಾಕಿಕೊಟ್ಟೆವು, ಮುಂದೆ ತೋರುಬೆರಳಿಗೆ ಒಂದು ಏರು ಬಿಟ್ಟು. ಮುಂದಿನ ವಾರ ಹೋದಾಗ ಅಕ್ಕ ಬಂಗುಡೆ ಕೊಯ್ಯುತ್ತಾ ತಲೆ ಎತ್ತದೆ ಹೇಳಿದರು: "ಹಿಡಿ ಒಳ್ಳೆದುಂಟು. ಸ್ವಲ್ಪ ದಪ್ಪ ಆಯ್ತು ಮಾತ್ರ. ನನ್ನ ಕೈ ನಿನ್ನ ಭಾವನ ಕೈಯಷ್ಟು ಉಂಟಾ?" ಎರಡೂ ಬದಿಯಿಂದ ಒಂದೊಂದು ಮಿಲಿಮೀಟರ್ ಉಜ್ಜಿ ಕೊಟ್ಟ ಮೇಲೆ ಸರಿಹೋಯಿತು.